ದುಡಿದ ವರ್ಷ ಒಂದು, ಫಾರ್ಮಿನ ಮೇಲಿನ ವರ್ಷ ಇನ್ನೊಂದು

ದಾವಣಗೆರೆಯಲ್ಲಿ ಇನ್‌ಕಂ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವುದು ನನ್ನ ಕೆಲಸ. ನನ್ನ ಕಪಾಟಿನಲ್ಲಿರುವ ಫೈಲುಗಳ ಮೇಲೆ 2024-25 ಎಂದೋ 2025-26 ಎಂದೋ ಬರೆದಿರುವುದಿಲ್ಲ. "ಮಾರ್ಚ್ 25" ಎಂದಷ್ಟೇ ಇರುತ್ತದೆ. ಅಂದರೆ 2025ರ ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕ. ಲೆಕ್ಕ ಬರೆಯುವವರು ಬಹಳ ಜನ ಹೀಗೇ ಮಾತಾಡುತ್ತಾರೆ: "ಮಾರ್ಚ್ ಎಂಡಿಂಗ್ 25ರ ಬ್ಯಾಲೆನ್ಸ್ ಶೀಟ್ ಕೊಡಿ". ಈ ರೂಢಿ ಸುಮ್ನೆ ಬಂದಿದ್ದಲ್ಲ. 2024-25, 2025-26 ಎರಡರಲ್ಲೂ 25 ಇದೆ. ಯಾವುದು ದುಡಿದ ವರ್ಷ, ಯಾವುದು ಅದರ ತೆರಿಗೆ ಲೆಕ್ಕ ಹಾಕುವ ಅಸೆಸ್‌ಮೆಂಟ್ ವರ್ಷ ಎಂದು ಪ್ರತಿ ಸಲ ಯೋಚಿಸುವುದಕ್ಕಿಂತ ಮಾರ್ಚ್ ಹಿಡಿದುಕೊಂಡರೆ ತಪ್ಪುವ ಮಾತೇ ಇಲ್ಲ.

ಮೊದಲ ಸಲ ರಿಟರ್ನ್ ಹಾಕುವವರಿಗೆ ಈ ಅನುಕೂಲ ಇರುವುದಿಲ್ಲ. ಹೋದ ವರ್ಷ ಆಗಸ್ಟ್‌ನಲ್ಲಿ ಒಬ್ಬ ಹುಡುಗ ಬಂದಿದ್ದ. ಬೆಂಗಳೂರಿನಲ್ಲಿ ಕೆಲಸ, ಊರು ನಮ್ಮದೇ. 2024ರ ಜೂನ್‌ನಲ್ಲಿ ಸೇರಿದ್ದ, ತಿಂಗಳಿಗೆ 90,000 ಸಂಬಳ. ಮಾರ್ಚ್‌ವರೆಗೆ ಹತ್ತು ತಿಂಗಳಿಗೆ 9 ಲಕ್ಷ. ಕಂಪನಿ ಅದರಲ್ಲಿ 33,800 ರೂಪಾಯಿ ಟಿಡಿಎಸ್ ಹಿಡಿದಿತ್ತು. "ಸರ್, 12 ಲಕ್ಷದವರೆಗೆ ಟ್ಯಾಕ್ಸೇ ಇಲ್ಲ ಅಲ್ವಾ? ಅಷ್ಟೂ ರಿಫಂಡ್ ಬರಬೇಕು. ಪೋರ್ಟಲ್ ನೋಡಿದರೆ ಇನ್ನೂ 1,560 ಕಟ್ಟು ಅಂತಿತ್ತು. ಅದನ್ನೂ ಕಟ್ಟಿದೆ, ಆದರೂ ಬಾಕಿ ಅಂತಲೇ ತೋರಿಸ್ತಿದೆ" ಎಂದ.

ಅವನ ಹತ್ತಿರ ಇದ್ದದ್ದು ಒಂದೇ ಗೊಂದಲ. ಅದು ಎರಡು ಕಡೆ ತಲೆ ಎತ್ತಿತ್ತು.

ಮೊದಲು ಕಂಪನಿ ಕೊಟ್ಟಿದ್ದ ಫಾರ್ಮ್ 16 ಬಿಡಿಸಿಟ್ಟೆ. ಮೇಲುಗಡೆ `Assessment Year` ಎಂಬ ಚೌಕದಲ್ಲಿ 2025-26 ಎಂದಿದೆ. ಅದರ ಪಕ್ಕದಲ್ಲೇ `Period with the Employer` ಎಂಬ ಇನ್ನೊಂದು ಚೌಕ. ಅದರಲ್ಲಿ ಸೇರಿದ ತಾರೀಖಿನಿಂದ 31-Mar-2025ರವರೆಗೆ ಎಂದಿದೆ. ಒಂದೇ ಹಾಳೆ, ಅಕ್ಕಪಕ್ಕದ ಎರಡು ಚೌಕ, ಎರಡು ಬೇರೆ ವರ್ಷ. ಯಾರೇ ಬರಲಿ, ನಾನು ಮೊದಲು ಬೆರಳಿಡುವುದು ಎರಡನೇ ಚೌಕದ ಮೇಲೆ. ದುಡಿದಿದ್ದು ಯಾವಾಗ ಎಂದು ಹೇಳುವುದು ಅದು. ಇದನ್ನೇ ಆಗಿನ ಕಾನೂನು ಪ್ರೀವಿಯಸ್ ಇಯರ್ ಎನ್ನುತ್ತಿತ್ತು. 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ ಬಂದ ಆದಾಯ ಇದರೊಳಗೆ ಬರುತ್ತದೆ. ಆ ವರ್ಷ ಮುಗಿದ ಮರುದಿನ ಶುರುವಾಗುವ ಹನ್ನೆರಡು ತಿಂಗಳು ಅಸೆಸ್‌ಮೆಂಟ್ ಇಯರ್. ಆದಾಯವನ್ನು ಲೆಕ್ಕ ಹಾಕಿ ತೆರಿಗೆ ನಿಗದಿ ಮಾಡುವುದು ಆಗ.

ಹೊಸಬರಿಗೆ ಇಲ್ಲೇ ತೊಡಕಾಗುವುದು. ಟ್ಯಾಕ್ಸ್ ಅವರ ಸಂಬಳದಿಂದ ತಿಂಗಳು ತಿಂಗಳು ಆಗಲೇ ಹೋಗಿರುತ್ತದೆ. ದುಡ್ಡು ಹೋಗಿದ್ದು 2024ರಲ್ಲಿ, ಹಾಳೆ ಮೇಲಿರುವುದು 2025-26. ಆದರೆ ಟಿಡಿಎಸ್, ಅಡ್ವಾನ್ಸ್ ಟ್ಯಾಕ್ಸ್ ಎಲ್ಲ ಮುಂಗಡ ಮಾತ್ರ. ನಿಜವಾದ ಲೆಕ್ಕ ಆಗುವುದು ವರ್ಷ ಮುಗಿದ ಮೇಲೆ. ಕಂಪನಿಗೆ ಈ ಹುಡುಗನ ಸಂಬಳ ಗೊತ್ತು, ಆದರೆ ಅವನ ಹೆಸರಿನಲ್ಲಿದ್ದ ಎಫ್‌ಡಿಗೆ 15,000 ಬಡ್ಡಿ ಬಂದಿದ್ದು ಗೊತ್ತಿರಲಿಲ್ಲ. ಆ ವರ್ಷ ಬಡ್ಡಿ 40,000 ದಾಟದಿದ್ದರೆ ಬ್ಯಾಂಕ್ ಟಿಡಿಎಸ್ ಹಿಡಿಯುತ್ತಿರಲಿಲ್ಲ. ಆ ಬಡ್ಡಿಯ ಮೇಲಿನ ಟ್ಯಾಕ್ಸೇ ಉಳಿದುಕೊಂಡಿತ್ತು.

ಹಾಗಾದರೆ 12 ಲಕ್ಷದ ಕಥೆ? 2025ರ ಫೆಬ್ರವರಿ ಬಜೆಟ್‌ನಲ್ಲಿ ಅದು ಬಂದಿದ್ದು ನಿಜ. ಆದರೆ ಅದು ಅನ್ವಯ ಆಗುವುದು ಅಸೆಸ್‌ಮೆಂಟ್ ಇಯರ್ 2026-27ರಿಂದ, ಅಂದರೆ 2025ರ ಏಪ್ರಿಲ್ 1ರ ನಂತರ ದುಡಿದ ಹಣಕ್ಕೆ. ಟಿವಿಯಲ್ಲಿ 2025ರಲ್ಲಿ ಕೇಳಿದ್ದು, ರಿಟರ್ನ್ ಹಾಕುವುದೂ 2025ರಲ್ಲಿ, ಫಾರ್ಮಿನ ಮೇಲೂ 2025-26. ಹಾಗಾಗಿ ಎಲ್ಲ ಒಂದೇ ಎಂದು ಅನಿಸುವುದು ಸಹಜ. ಅವನ ಮುಂದೆಯೇ ಕಾಗದದ ಮೇಲೆ ಲೆಕ್ಕ ಹಾಕಿದೆ. 9 ಲಕ್ಷದಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 8,25,000. ಬಡ್ಡಿ ಸೇರಿಸಿದರೆ 8,40,000. ಹೊಸ ಪದ್ಧತಿಯಲ್ಲಿ ಆ ವರ್ಷ ಮೊದಲ 3 ಲಕ್ಷಕ್ಕೆ ತೆರಿಗೆ ಇಲ್ಲ, ಅಲ್ಲಿಂದ 7 ಲಕ್ಷದವರೆಗೆ ಶೇ. 5, ಅದರ ಮೇಲೆ 10 ಲಕ್ಷದವರೆಗೆ ಶೇ. 10. ಅಂದರೆ 20,000 ಮತ್ತು 14,000. ಸೆಸ್ ಸೇರಿ 35,360. ಆಗ ಪೂರ್ತಿ ರಿಯಾಯಿತಿ ಇದ್ದದ್ದು 7 ಲಕ್ಷದವರೆಗೆ ಮಾತ್ರ, ಇವನದು ದಾಟಿದೆ. 33,800 ಕಳೆದರೆ ಬಾಕಿ 1,560. ಪೋರ್ಟಲ್ ಹೇಳಿದ್ದು ಸರಿಯಾಗಿಯೇ ಇತ್ತು. ಇದೇ 8,40,000 ಒಂದು ವರ್ಷ ತಡವಾಗಿ ದುಡಿದಿದ್ದರೆ ತೆರಿಗೆ ಸೊನ್ನೆ. ಇದನ್ನು ಕೇಳಿ ಹುಡುಗನ ಮುಖ ಬಾಡಿತು, ಪಾಪ.

ಇನ್ನು 1,560 ಎಲ್ಲಿ ಹೋಯಿತು? ಚಲನ್ ರಸೀದಿ ತೋರಿಸು ಎಂದೆ. ಅದರ ಮೇಲೆ ಅಸೆಸ್‌ಮೆಂಟ್ ಇಯರ್ 2024-25. ದುಡಿದಿದ್ದು 2024-25ರಲ್ಲಿ ಅಂತ ಅದನ್ನೇ ಆರಿಸಿದ್ದ. ಪಟ್ಟಿಯಲ್ಲಿ ಆ ವರ್ಷವೂ ಇರುವುದರಿಂದ ಪೋರ್ಟಲ್ ತಡೆಯುವುದಿಲ್ಲ. ಹಳೇ ಬಾಕಿ ಕಟ್ಟುವವರೂ ಇರುತ್ತಾರಲ್ಲ. ಹಣ ಸರ್ಕಾರಕ್ಕೆ ಸೇರಿದೆ, ಅವನ ಪ್ಯಾನ್‌ಗೇ ಸೇರಿದೆ, ಆದರೆ ಅವನು ಇನ್ನೂ ಓದುತ್ತಿದ್ದ ವರ್ಷದ ಖಾತೆಗೆ ಸೇರಿದೆ.

ಇಂಥದ್ದು ಆಗಿದೆಯೋ ಇಲ್ಲವೋ ಎಂದು ನೋಡಲು ನಾನು ಎಐಎಸ್, ಅಂದರೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ ತೆಗೆಯುತ್ತೇನೆ. ಅಸೆಸ್‌ಮೆಂಟ್ ಇಯರ್ 2025-26ರ ಪಟ್ಟಿಯಲ್ಲಿ ಕಟ್ಟಿದ ಚಲನ್ ಕಾಣಬೇಕು. ಕಾಣದಿದ್ದರೆ ಒಂದು ವರ್ಷ ಹಿಂದಕ್ಕೆ ಹೋಗಿ ನೋಡುತ್ತೇನೆ. ಅಲ್ಲಿ ಒಂಟಿಯಾಗಿ ಕೂತಿರುತ್ತದೆ. ಚಲನ್ ನಂಬರ್ ಇದೆ ತಾನೇ ಎಂದು ರಿಟರ್ನ್‌ನಲ್ಲಿ ಕೈಯಾರೆ ತುಂಬಿ ಕಳಿಸಿದರೆ ಫಾರ್ಮ್ ತೆಗೆದುಕೊಳ್ಳುತ್ತದೆ. ಆದರೆ ಪ್ರೊಸೆಸ್ ಆಗುವಾಗ ಆ ವರ್ಷದ ಖಾತೆಯಲ್ಲಿ ಹಣ ಸಿಗುವುದಿಲ್ಲ, ಬಾಕಿ ಕಟ್ಟಿ ಎಂದು ಡಿಮ್ಯಾಂಡ್ ಬರುತ್ತದೆ.

ಹುಡುಗ ಕಟ್ಟಿ ಎರಡೇ ದಿನ ಆಗಿತ್ತು, ಅದು ಅದೃಷ್ಟ. ಪೋರ್ಟಲ್‌ನಲ್ಲಿ ಲಾಗಿನ್ ಆಗಿ `Services` ಒಳಗೆ `Challan Correction` ತೆರೆದೆವು. ಅಸೆಸ್‌ಮೆಂಟ್ ಇಯರ್ ಬದಲಿಸುವುದನ್ನು ಆರಿಸಿ, ಚಲನ್ ಹುಡುಕಿ, 2025-26 ಎಂದು ತಿದ್ದಿ ಕಳಿಸಿದೆವು. ಇದಕ್ಕೆ ಗಡುವು ಬಹಳ ಕಡಿಮೆ. ಅದು ದಾಟಿದರೆ ನಿಮ್ಮ ವ್ಯಾಪ್ತಿಯ ಅಸೆಸಿಂಗ್ ಆಫೀಸರ್‌ಗೆ ಅರ್ಜಿ ಬರೆದು ಕಾಯಬೇಕು. ತಿದ್ದಿದ್ದು ಎಐಎಸ್‌ನಲ್ಲಿ ಕಾಣುವವರೆಗೂ ರಿಟರ್ನ್ ಕಳಿಸಬೇಡ ಎಂದು ಹೇಳಿ ಅವನನ್ನು ಕಳಿಸಿದೆ.

ಹೋಗುವಾಗ ಅವನು ಕೇಳಿದ: "ಇಷ್ಟೆಲ್ಲ ತಲೆನೋವು ಯಾಕೆ ಸರ್? ಒಂದೇ ವರ್ಷ ಇಟ್ಟಿದ್ದರೆ ಆಗುತ್ತಿರಲಿಲ್ಲವಾ?"

ವರ್ಷ ಮುಗಿಯದೆ ಲೆಕ್ಕ ಆಗುವುದಿಲ್ಲ ಎಂಬುದು ಅರ್ಧ ಉತ್ತರ. ನನಗೆ ಹೆಚ್ಚು ಸರಿ ಅನಿಸುವ ಕಾರಣ ನಮ್ಮ ಮಂಡಿಪೇಟೆಯಂಥ ಕಡೆ ಸಿಗುತ್ತದೆ. ಹಿಂದೆ ವ್ಯಾಪಾರಿಗಳು ತಮ್ಮ ಲೆಕ್ಕದ ವರ್ಷವನ್ನು ತಾವೇ ಆರಿಸಿಕೊಳ್ಳಬಹುದಿತ್ತು. ದೀಪಾವಳಿಗೆ ಹೊಸ ಖಾತೆ ಪುಸ್ತಕಕ್ಕೆ ಪೂಜೆ ಮಾಡುವವರ ವರ್ಷ ದೀಪಾವಳಿಯಿಂದ ದೀಪಾವಳಿಗೆ. ಇನ್ನೊಬ್ಬರದು ಜನವರಿಯಿಂದ ಡಿಸೆಂಬರ್, ಮತ್ತೊಬ್ಬರದು ಏಪ್ರಿಲ್‌ನಿಂದ ಮಾರ್ಚ್. ಹೀಗೆ ಒಬ್ಬೊಬ್ಬರ ಪ್ರೀವಿಯಸ್ ಇಯರ್ ಒಂದೊಂದು ಥರ ಇದ್ದಾಗ ಎಲ್ಲರನ್ನೂ ಒಂದೇ ದರಕ್ಕೆ, ಒಂದೇ ರಿಜಿಸ್ಟರ್‌ಗೆ ತರಲು ಎಲ್ಲರಿಗೂ ಸಮಾನವಾದ ಇನ್ನೊಂದು ವರ್ಷ ಬೇಕೇ ಬೇಕಾಗಿತ್ತು. 1985ರ ದೀಪಾವಳಿಗೆ ಪುಸ್ತಕ ಮುಚ್ಚಿದ ಬಟ್ಟೆ ಅಂಗಡಿಯವರೂ, 1986ರ ಮಾರ್ಚ್‌ಗೆ ಮುಚ್ಚಿದ ಮಿಲ್ಲಿನವರೂ ಅಸೆಸ್‌ಮೆಂಟ್ ಇಯರ್ 1986-87ರ ಕೆಳಗೆ ಬರುತ್ತಿದ್ದರು. 1989-90ರ ಅಸೆಸ್‌ಮೆಂಟ್ ವರ್ಷದಿಂದ ಈ ಆಯ್ಕೆ ಹೋಯಿತು, ಎಲ್ಲರಿಗೂ ಏಪ್ರಿಲ್‌ನಿಂದ ಮಾರ್ಚ್ ಎಂದಾಯಿತು. ಎರಡನೇ ವರ್ಷದ ಮುಖ್ಯ ಅಗತ್ಯ ಅಂದೇ ಮುಗಿಯಿತು ಎಂಬುದು ನನ್ನ ಅಭಿಪ್ರಾಯ. ಹೆಸರು ಮಾತ್ರ ಉಳಿದುಕೊಂಡಿತು.

ಮುಂದಿನ ವರ್ಷದವರೆಗೆ ಕಾಯದ ಸಂದರ್ಭಗಳೂ ಕಾನೂನಿನಲ್ಲಿವೆ. ನವ ಮಂಗಳೂರಿನಂಥ ಬಂದರಿನಿಂದ ಸರಕು ಹೊತ್ತು ಹೊರಡುವ ವಿದೇಶಿ ಕಂಪನಿಯ ಹಡಗು ತೆರಿಗೆ ಕಟ್ಟಿಯೇ, ಇಲ್ಲವೇ ಅದಕ್ಕೆ ತಕ್ಕ ಏರ್ಪಾಡು ಮಾಡಿಯೇ ಹೊರಡಬೇಕು. ಹಡಗು ಹೋದ ಮೇಲೆ ವಸೂಲಿ ಮಾಡುವುದು ಯಾರಿಂದ? ಮರಳಿ ಬರುವ ಉದ್ದೇಶವಿಲ್ಲದೆ ದೇಶ ಬಿಡುವವರಿಗೂ ಹೀಗೇ.

2026ರ ಏಪ್ರಿಲ್ 1ರಿಂದ ಹೊಸ ಇನ್‌ಕಂ ಟ್ಯಾಕ್ಸ್ ಕಾಯ್ದೆ ಜಾರಿಗೆ ಬಂದು ಎರಡೂ ಹೆಸರು ಹೋಗಿವೆ. ಇನ್ನು ಟ್ಯಾಕ್ಸ್ ಇಯರ್ ಒಂದೇ, ದುಡಿದ ವರ್ಷಕ್ಕೇ ಆ ಹೆಸರು. ಒಳ್ಳೆಯದೇ ಆಯಿತು. ಆದರೆ ಈ ಒಂದು ವರ್ಷ ಮಾತ್ರ ಗೊಂದಲ ಇನ್ನೂ ಜಾಸ್ತಿ. 2026ರ ಮಾರ್ಚ್‌ಗೆ ಮುಗಿದ ವರ್ಷದ ರಿಟರ್ನ್ ಹಳೇ ಕಾಯ್ದೆಯದು, ಅದು ಅಸೆಸ್‌ಮೆಂಟ್ ಇಯರ್ 2026-27. ಈ ಏಪ್ರಿಲ್‌ನಿಂದ ದುಡಿಯುತ್ತಿರುವುದು ಹೊಸ ಕಾಯ್ದೆಯದು, ಅದು ಟ್ಯಾಕ್ಸ್ ಇಯರ್ 2026-27. ಅಂಕಿ ಒಂದೇ, ವರ್ಷ ಬೇರೆ. ಹಳೇ ವರ್ಷದ ಬಾಕಿಯನ್ನೂ ಈ ವರ್ಷದ ಅಡ್ವಾನ್ಸ್ ಟ್ಯಾಕ್ಸನ್ನೂ ಒಟ್ಟಿಗೆ ಕಟ್ಟುವವರಿಗೆ ನಾನು ಎರಡು ಚೀಟಿ ಬರೆದುಕೊಡುತ್ತೇನೆ. ಒಂದರ ಮೇಲೆ "ಮಾರ್ಚ್ 26, ಅಸೆಸ್‌ಮೆಂಟ್ ಇಯರ್", ಇನ್ನೊಂದರ ಮೇಲೆ "ಮಾರ್ಚ್ 27, ಟ್ಯಾಕ್ಸ್ ಇಯರ್". ಚಲನ್ ಕಟ್ಟುವಾಗ ಅಂಕಿಯ ಜೊತೆ ಅದರ ಮುಂದಿರುವ ಹೆಸರನ್ನೂ ಓದಿ, ಆಮೇಲೆ ಒತ್ತಿ ಎಂದು ಹೇಳಿ ಕಳಿಸುತ್ತೇನೆ.