ಸರ, ಇದು ಎಷ್ಟನೇ ಪ್ರಶ್ನಿ?

ಕಳೆದ ಡಿಸೆಂಬರಿನಲ್ಲಿ ಒಂದು ರಾತ್ರಿ ನನ್ನ ವಾಟ್ಸಾಪಿಗೆ ಹೀಗೊಂದು ಮೆಸೇಜ್ ಬಂತು: "ಸರ, ನೀವಿನ್ನೂ ಸರ್ವೆ ಡ್ಯೂಟಿ ಮ್ಯಾಲ ಅದೀರೇನು? ಇದು ಎಷ್ಟನೇ ಪ್ರಶ್ನಿ?"

ನಾನು ಕೊಪ್ಪಳ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮಾಸ್ತರ. 2025ರ ಸೆಪ್ಟೆಂಬರ್ 22ರಿಂದ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಎಲ್ಲರ ಹಾಗೆ ನಾನೂ ಮನೆ ಮನೆ ತಿರುಗಿದ್ದೆ. ಮೊಬೈಲ್ ಆ್ಯಪಿನಲ್ಲಿ 60 ಪ್ರಶ್ನೆ. ಕೇಳು, ಒತ್ತು, ಮುಂದೆ. ಈ ಕಥೆಯನ್ನು ಮದುವೆಯೊಂದರಲ್ಲಿ, ಆ ಮೆಸೇಜ್ ಕಳಿಸಿದಾಕೆಗೆ ಹೇಳಿ ನಗಿಸಿದ್ದೆ. ಆಕೆ ಗೆಳೆಯನ ಹೆಂಡತಿಯ ಕಡೆಯವರು, ರಾಯಚೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಮದುವೆ ಫೋಟೋ ಕಳಿಸುವ ನೆಪದಲ್ಲಿ ನಂಬರ್ ಬಂತು, ಮಾತು ಶುರುವಾಯಿತು. ನಾನು ಕಾಳು ಹಾಕುತ್ತಿದ್ದೇನೆ ಅಂತ ಆಕೆಗೂ ಗೊತ್ತಿತ್ತು, ಬೇಡ ಅಂದಿರಲಿಲ್ಲ. ಆದರೆ ಮೂರನೇ ದಿನಕ್ಕೇ ಈ ಮಾತು.

ನಕ್ಕೆ. ಆಮೇಲೆ ಸುಮ್ನೆ ಮೇಲಕ್ಕೆ ಸ್ಕ್ರೋಲ್ ಮಾಡಿ ಎಣಿಸಿದೆ. ಮೂರು ಸಂಜೆಯಲ್ಲಿ ನಾನು ಕೇಳಿದ್ದು 17 ಪ್ರಶ್ನೆ. ನನ್ನ ಬಗ್ಗೆ ಹೇಳಿದ್ದು ಎರಡೇ ಎರಡು: "ನಂದೂ ಊಟ ಆತು", "ನಾಳೆ ಸಾಲಿ ಐತಿ". ಅವೂ ಆಕೆ ಕೇಳಿದ್ದಕ್ಕೆ ಕೊಟ್ಟ ಉತ್ತರ.

ಲೆಕ್ಕಕ್ಕಿಂತ ಜಾಸ್ತಿ ಮುಜುಗರ ಆಗಿದ್ದು ಇನ್ನೊಂದು ನೋಡಿ. ಆಕೆಯ ಪ್ರತಿ ಉತ್ತರದ ಕೆಳಗೆ ನಾನು "ಓ ಸೂಪರ್" ಅಥವಾ "ಹೌದಾ, ಗುಡ್" ಅಂತ ಹಾಕಿ, ಅದರ ಕೆಳಗೇ ಮುಂದಿನ ಪ್ರಶ್ನೆ ಇಟ್ಟಿದ್ದೆ. ಪಕ್ಕಾ ಮಾಸ್ತರಿಕೆ. ಮಗು ಉತ್ತರ ಹೇಳಿದರೆ ಟಿಕ್ ಮಾರ್ಕ್ ಹಾಕಿ ಮುಂದಿನ ಬೆಂಚಿಗೆ ಹೋಗುತ್ತೇವಲ್ಲ, ಹಾಗೆ.

ಒಂದು ಉದಾಹರಣೆ ಕೊಡ್ತೀನಿ. ಎರಡನೇ ದಿನ ಆಕೆ ಬರೆದಿದ್ದರು: "ಇವತ್ತ ಲ್ಯಾಬಿನ್ಯಾಗ ಬಾಳ ಮಂದಿ. ಒಬ್ಬ ಹುಡುಗ ಸೂಜಿ ನೋಡಿ ಗೇಟ್ ತನಕ ಓಡಿ ಹೋದ."

ಅದಕ್ಕೆ ನಾನು: "ಹೌದಾ! ನಿಮ್ಮ ಡ್ಯೂಟಿ ಎಷ್ಟಕ್ಕ ಮುಗೀತದ?"

ಆಕೆ ಚೆಂಡು ಎಸೆದಿದ್ದರು, ಅದೂ ಹಿಡಿಯೋಕೆ ಸಲೀಸಾದದ್ದು. ಓಡಿ ಹೋದ ಹುಡುಗ. ನಾನು ಅದನ್ನು ನೆಲಕ್ಕೆ ಬಿಟ್ಟು ಜೇಬಿನಿಂದ ಬೇರೆ ಚೆಂಡು ತೆಗೆದು ಆಕೆ ಕಡೆ ಎಸೆದೆ. ಹೀಗೆ 17 ಸಲ ಮಾಡಿದರೆ ಎದುರಿನವರಿಗೆ ಬರೀ ಹಿಡಿಯೋ ಕೆಲಸ. ಆಕೆಯ ಊರು, ಮನೆ, ಕೆಲಸ, ಇಷ್ಟ ಎಲ್ಲ ನನಗೆ ಗೊತ್ತಾಯಿತು. ನಾನು ಯಾರು ಅಂತ ಆಕೆಗೆ ಗೊತ್ತಾಗಲಿಲ್ಲ. ಸರ್ವೆಯಲ್ಲೂ ಆಗೋದು ಅದೇ.

ಹಾಗಂತ ಪ್ರಶ್ನೆ ಕೇಳೋದೇ ತಪ್ಪು ಅಂತಲ್ಲ. 2017ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಆನ್‌ಲೈನ್ ಚಾಟ್‌ಗಳನ್ನೂ ಸ್ಪೀಡ್ ಡೇಟಿಂಗ್ ಮಾತುಗಳನ್ನೂ ನೋಡಿ, ಜಾಸ್ತಿ ಪ್ರಶ್ನೆ ಕೇಳಿದವರು ಜಾಸ್ತಿ ಇಷ್ಟ ಆಗ್ತಾರೆ ಅಂದಿದ್ದರು. ಆದರೆ ಕೆಲಸ ಮಾಡಿದ್ದು ಮುಖ್ಯವಾಗಿ ಹೇಳಿದ ಮಾತನ್ನೇ ಹಿಡಿದು ಕೇಳುವ ಪ್ರಶ್ನೆ. ನನ್ನ 17ರಲ್ಲಿ ಅಂಥದ್ದು ಒಂದೂ ಇರಲಿಲ್ಲ. ಅದಕ್ಕೂ ಮುಂಚೆ, 2013ರ ಇನ್ನೊಂದು ಅಧ್ಯಯನದಲ್ಲಿ, ಗುರುತಿಲ್ಲದವರನ್ನು ಜೋಡಿ ಮಾಡಿ ಮಾತಿಗೆ ಬಿಟ್ಟಿದ್ದರು. ಕೆಲವು ಜೋಡಿಯಲ್ಲಿ ಇಬ್ಬರೂ ಸರದಿಯಂತೆ ತಮ್ಮ ಬಗ್ಗೆ ಹೇಳಬೇಕು. ಉಳಿದವರಲ್ಲಿ ಮೊದಲು ಒಬ್ಬರು ಬರೀ ಕೇಳಬೇಕು, ಒಬ್ಬರು ಬರೀ ಹೇಳಬೇಕು, ಆಮೇಲೆ ಅದಲು ಬದಲು. ಸರದಿಯಂತೆ ಮಾತಾಡಿದವರೇ ಒಬ್ಬರಿಗೊಬ್ಬರು ಜಾಸ್ತಿ ಇಷ್ಟವಾದರು. ಅದಲು ಬದಲಾದ ಮೇಲೂ ಆ ಅಂತರ ಉಳಿದಿತ್ತು. ಅಂದರೆ "ಈಗ ಆಕೆ ಹೇಳಲಿ, ನನ್ನದು ಆಮೇಲೆ ಒಟ್ಟಿಗೆ ಹೇಳಿದರಾಯ್ತು" ಅನ್ನೋ ಬಾಕಿ ವ್ಯವಹಾರ ಇಲ್ಲಿ ನಡೆಯೋದಿಲ್ಲ. ನನಗೆ ಇದು ಮೊದಲೇ ಗೊತ್ತಿದ್ದರೆ ಮುಂದಿನ ತಪ್ಪು ಮಾಡುತ್ತಿರಲಿಲ್ಲ.

ಮುಂದಿನ ತಪ್ಪು ಏನಂದರೆ, "ಬರೀ ಕೇಳಿದ್ದಾಯ್ತು, ಇನ್ನು ಹೇಳೋಣ" ಅಂತ ಮರುದಿನ ರಾತ್ರಿ ಹನ್ನೊಂದಕ್ಕೆ ಒಂದು ಉದ್ದ ಮೆಸೇಜ್ ಬರೆದೆ. ಮೂರು ವರ್ಷದ ಹಿಂದೆ ನಿಶ್ಚಿತಾರ್ಥ ಮುರಿದು ಬಿದ್ದದ್ದು, ಅವ್ವ ಅತ್ತದ್ದು, ನಾನು ಊಟ ಬಿಟ್ಟದ್ದು ಎಲ್ಲ. ಮೊಬೈಲ್ ಪರದೆ ತುಂಬಿ ಕೆಳಗೆ ಇಳಿಯುವಷ್ಟು. ಆಕೆಯ ಉತ್ತರ: "ಓ. ಪಾಪ. ಮಲಗ್ರಿ."

ಅದು ಚೆಂಡಲ್ಲ, ಜೋಳದ ಚೀಲ. ಹಿಡಿಯೋಕೆ ಹೋದರೆ ಬೀಳ್ತಾರೆ. ನಾಲ್ಕು ದಿನದ ಪರಿಚಯಕ್ಕೆ ಆ ಭಾರ ಜಾಸ್ತಿ. ಮತ್ತೆ ಅದಕ್ಕೆ ಏನಂತ ಉತ್ತರ ಕೊಡಬೇಕು ಪಾಪ ಆಕೆ? ಆವತ್ತಿಂದ ಅಳತೆ ಇಟ್ಟುಕೊಂಡೆ. ಆಕೆ ಎರಡು ಸಾಲು ಬರೆದರೆ ನನ್ನದೂ ಎರಡು, ಹೆಚ್ಚೆಂದರೆ ಮೂರು. ಆಕೆ ತಮಾಷೆಯ ಮಟ್ಟದಲ್ಲಿದ್ದರೆ ನಾನೂ ಅಲ್ಲೇ. ಆಕೆ ಒಂದು ಮೆಟ್ಟಿಲು ಇಳಿದು ಮನೆ ಮಾತು ಎತ್ತಿದರೆ ನಾನೂ ಒಂದು ಮೆಟ್ಟಿಲು, ಎರಡಲ್ಲ.

ಇನ್ನು ಆಟ ಸರಿಯಾದ ದಿನದ ಮಾತು. ಓಡಿ ಹೋದ ಹುಡುಗನನ್ನೇ ಹುಡುಕಿಕೊಂಡು ಹೋದೆ. ನೆಲಕ್ಕೆ ಬಿದ್ದ ಚೆಂಡನ್ನು ಆಮೇಲೂ ಎತ್ತಿಕೊಳ್ಳಬಹುದು, ಇದೊಂದು ಅನುಕೂಲ. ಆಕೆಯ ಹಳೆ ಮೆಸೇಜಿಗೇ ರಿಪ್ಲೈ ಒತ್ತಿ ಬರೆದೆ:

"ಆ ಹುಡುಗಂದು ತಪ್ಪಿಲ್ರಿ. ನಾ ಡಿ.ಎಡ್. ಮಾಡೂವಾಗ ರಕ್ತ ಕೊಡಾಕ ಹೋಗಿ, ಸೂಜಿ ಚುಚ್ಚೂಕಿಂತ ಮೊದ್ಲ ಕುರ್ಚಿಯಿಂದ ಕೆಳಗ ಬಿದ್ದೀನಿ. ನಿಮ್ಮ ಕೈಗೆ ಸಿಕ್ಕಿದ್ರ ಓಡತಿದ್ನೋ ನಿಂದರತಿದ್ನೋ ಹೇಳಾಕ ಬರಂಗಿಲ್ಲ."

ಒಂದು ನಿಮಿಷಕ್ಕೆ: "ಓಡಾಕ ಬಿಡತಿದ್ದಿಲ್ರಿ. ನಾ ಕೈ ಹಿಡಿದ್ರ ಗಟ್ಟಿ ಹಿಡಿತೀನಿ."

"ಇದು ಹೆದರಸೂ ಮಾತೋ ಧೈರ್ಯದ ಮಾತೋ ತಿಳೀಲಿಲ್ಲ."

"ಹೆದರಸೂದು. ಅಂದಂಗ ಈಗರ ರಕ್ತ ನೋಡಿದ್ರ ತಡಕೋತೀರಿಲ್ಲೋ?"

ಊಟ, ಸಾಲಿ ಬಿಟ್ಟರೆ ನನ್ನ ಬಗ್ಗೆ ಆಕೆಯಾಗಿಯೇ ಕೇಳಿದ ಮೊದಲ ಪ್ರಶ್ನೆ ಅದು. ನನ್ನ ಎರಡೂ ಮೆಸೇಜಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ, ಗಮನಿಸಿ. ಮೊದಲಿನದರಲ್ಲಿ ಮೂರು ಕೆಲಸ ಇದ್ದವು. ಆಕೆ ಹೇಳಿದ ವಸ್ತುವನ್ನೇ ಹಿಡಿದೆ. ನನ್ನದೊಂದು ಸಣ್ಣ ಮರ್ಯಾದೆ ಹೋದ ಕಥೆ ಕೊಟ್ಟೆ. ಕೊನೆಗೆ ಮಾತನ್ನು ಆಕೆಯ ಕೈಯಲ್ಲೇ ತಂದು ಬಿಟ್ಟೆ. "ನಾನೂ ಒಮ್ಮೆ ಬಿದ್ದಿದ್ದೆ" ಅಂತ ಅಲ್ಲಿಗೇ ನಿಲ್ಲಿಸಿದ್ದರೆ "ಹ್ಹ ಹ್ಹ" ಅಂತ ಬಂದು ಮುಗಿಯುತ್ತಿತ್ತು. ನಮ್ಮ ಬಗ್ಗೆ ಹೇಳುವ ಮಾತಿಗೂ ಒಂದು ಹಿಡಿಕೆ ಬೇಕು, ಚರಿಗೆಗಲ್ಲ, ತಂಬಿಗೆಗಲ್ಲ, ಬಕೆಟ್ಟಿಗೆ ಇರ್ತದಲ್ಲ ಅಂಥದ್ದು. ಎದುರಿನವರು ಸುಲಭವಾಗಿ ಎತ್ತಿಕೊಳ್ಳಬೇಕು.

ಇಲ್ಲೇ ಒಂದು ಗುಂಡಿ ಇದೆ. ಸ್ವಂತ ಕಥೆ ಹೇಳುವಾಗ ಅದು ಆಕೆಯ ಕಥೆಗಿಂತ ದೊಡ್ಡದಾಗಬಾರದು. ಇನ್ನೊಂದು ಸಲ ಆಕೆ ಮಾನ್ವಿ ಹತ್ತಿರ ಬಸ್ ಕೆಟ್ಟು ಒಂದು ತಾಸು ನಿಂತದ್ದನ್ನು ಬರೆದರು. ನಾನು ಜೋರು ಹುರುಪಿನಲ್ಲಿ, ಸಿಂಧನೂರಿನಲ್ಲಿ ರಾತ್ರಿಯಿಡೀ ಬಸ್ ಸ್ಟ್ಯಾಂಡಿನಲ್ಲಿ ಕೂತ ಪುರಾಣ ಬಿಚ್ಚಿದೆ. ಚೆಂಡು ಹಿಡಿದು ಮನೆಗೆ ಒಯ್ದ ಹಾಗಾಯ್ತು. "ನಿಮ್ದ ದೊಡ್ಡದು ಬಿಡ್ರಿ" ಅಂದರು. ಅಲ್ಲಿ ಕೇಳೋದೇ ಸರಿ ಇತ್ತು, "ಒಂದ್ ತಾಸು ಏನ್ ಮಾಡಿದ್ರಿ?" ಅಂತ. ಆಕೆ ಹೇಳೋ ಹುರುಪಿನಲ್ಲಿದ್ದಾಗ ಪ್ರಶ್ನೆ, ಉತ್ತರ ಸಣ್ಣದಾಗುತ್ತಾ ಬಂದಾಗ ನಮ್ಮದೊಂದು ಮಾತು. ನನಗೆ ಕೈಗೆ ಹತ್ತಿದ ಅಂದಾಜು ಇಷ್ಟೇ. ಎರಡು ಪ್ರಶ್ನೆ ಬೆನ್ನಿಗೆ ಬೆನ್ನು ಹೋಗಿದ್ದರೆ ಮೂರನೆಯದನ್ನು ಅಳಿಸಿ, ಅದಕ್ಕೆ ನನ್ನ ಉತ್ತರವನ್ನೇ ಮೊದಲು ಬರೆಯುತ್ತೇನೆ.

ಪ್ರಶ್ನೆ ಬದಲಿಗೆ ತಪ್ಪು ಊಹೆ ಎಸೆಯೋದು ನನಗೆ ಬಹಳ ಹಿಡಿಸಿದ ಪಟ್ಟು. "ನಿಮಗ ಯಾವ ತಿಂಡಿ ಇಷ್ಟ?" ಅಂತ ಕೇಳಿದರೆ "ಎಲ್ಲಾ" ಅಂತ ಬರ್ತದೆ. ಅದರ ಬದಲು ಹೀಗೆ ಬರೆದೆ: "ಮಂಡಕ್ಕಿ ಒಗ್ಗರಣಿ ಜೋಡಿ ಮಿರ್ಚಿ ಕೊಟ್ರ, ನೀವು ಮೆಣಸಿನಕಾಯಿ ತಗದು ಇಟ್ಟು ಬರೇ ಹಿಟ್ಟು ತಿನ್ನೂ ಪೈಕಿ ಅಂತ ನನ್ನ ಅನುಮಾನ."

"ನಾ ರಾಯಚೂರಾಕಿ ರೀ! ಬೇಕಾದ್ರ ಹಿಟ್ಟು ಬಿಟ್ಟು ಮೆಣಸಿನಕಾಯಿ ತಿಂತೀನಿ. ನೀವ ಹೇಳ್ರಿ, ಕೊಪ್ಪಳದಾಗ ಕಣ್ಣೀರು ಬರದಂಗ ತಿಂತಾರೇನು?"

ಊಹೆ ತಪ್ಪಾದರೇ ಒಳ್ಳೇದು, ತಿದ್ದೋಕೆ ಎಲ್ಲರಿಗೂ ಕೈ ತುರಿಸ್ತದೆ. ಆದರೆ ಊಹೆ ತಿಂಡಿ, ನಿದ್ದೆ, ಸೋಮಾರಿತನ ಇಂಥ ಹಗುರ ವಿಷಯಕ್ಕೆ ಮಾತ್ರ. ಮೈಕಟ್ಟು, ಗುಣ, ಸಂಬಳ, ಹಳೆ ಸಂಬಂಧ ಊಹಿಸಿದರೆ ಅದು ಆಟವಲ್ಲ, ಅಧಿಕಪ್ರಸಂಗ. ಒಂದು ಸಂಜೆಗೆ ಒಂದೋ ಎರಡೋ ಸಾಕು, ಜಾಸ್ತಿಯಾದರೆ ಗಿಣಿ ಶಾಸ್ತ್ರ ಆಗ್ತದೆ.

ಆಕೆಯ ಆ ಮರುಪ್ರಶ್ನೆಗೆ ಹೋದ ವರ್ಷದ ಗವಿಮಠದ ಜಾತ್ರೆಯ ಕಥೆ ಕೊಟ್ಟೆ. ದಾಸೋಹದಲ್ಲಿ ಮಿರ್ಚಿ ಬಡಿಸೋಕೆ ನಿಂತು, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡು, ಅರ್ಧ ಸಾಲಿಗೆ ಅಳುತ್ತಲೇ ಬಡಿಸಿದೆ. ಒಬ್ಬ ಅಜ್ಜಿ "ಭಕ್ತಿ ಅಂದ್ರ ಹಿಂಗಿರಬೇಕು ನೋಡು" ಅಂದಳು. ಮೂರೇ ಸಾಲಿನಲ್ಲಿ ಬರೆದು ಬಿಟ್ಟೆ. ಆಕೆ ನಗುವ ವಾಯ್ಸ್ ಮೆಸೇಜ್ ಕಳಿಸಿದರು.

ಇದೆಲ್ಲ ಎದುರಿನವರಿಗೆ ಆಡೋ ಮನಸ್ಸಿದ್ದಾಗ ಮಾತ್ರ. ಒಂದು ಸಂಜೆ "ಹ್ಞೂಂ", "ಹೌದ್ರಿ" ಅಷ್ಟೇ ಬಂತು. ನನ್ನ ಎರಡು ಮಾತಿಗೆ ಏನೂ ತಿರುಗಿ ಬರಲಿಲ್ಲ. "ಇವತ್ತ ದಣಿದಂಗ ಕಾಣ್ತದ, ಆರಾಮ ಮಾಡ್ರಿ" ಅಂತ ಹಾಕಿ ಫೋನ್ ಕೆಳಗಿಟ್ಟೆ. ಎರಡು ದಿನ ನಾನು ಏನೂ ಕಳಿಸಲಿಲ್ಲ, ಮೂರನೇ ದಿನ ಆಕೆಯೇ ಶುರು ಮಾಡಿದರು. ಇದಕ್ಕೂ ಮೊದಲು ಇನ್ನೊಬ್ಬರ ಜೊತೆ ಎರಡು ವಾರ ಪ್ರತಿದಿನ ನಾನೇ ಶುರು ಮಾಡಿ, ಒಂದಕ್ಷರದ ಉತ್ತರ ತಿಂದು, ಪಟ್ಟು ಬದಲಿಸುತ್ತಾ ಹೋಗಿದ್ದೆ. ಅಲ್ಲಿ ಪಟ್ಟಿನ ತಪ್ಪಿರಲಿಲ್ಲ, ಅವರಿಗೆ ಬೇಡವಾಗಿತ್ತು ಅಷ್ಟೇ. ಅವರು ಬಾಯಿಬಿಟ್ಟು ಹೇಳೋ ತನಕ ಕಾಯಬಾರದಿತ್ತು.

ಜನವರಿ ಹತ್ತಿರ ಬಂತು. ಒಂದು ರಾತ್ರಿ ಆಕೆಯ ಮೆಸೇಜ್: "61ನೇ ಪ್ರಶ್ನಿ. ಈ ಸಲ ಜಾತ್ರ್ಯಾಗ ಮಿರ್ಚಿ ಬಡಸಾಕ ಯಾವ ಹೊತ್ತಿನ್ಯಾಗ ನಿಂದರತೀರಿ?"

"ಮಧ್ಯಾಹ್ನ. ಈ ಸಲ ಕನ್ನಡಕ ಹಾಕ್ಕೊಂಡು. ನೀವು ಕೊನೀ ಸಾಲಿನ್ಯಾಗ ಕುಂತು, ನನ್ನ ಗುರ್ತ ಇಲ್ಲದಂಗ ಎರಡು ಮಿರ್ಚಿ ಜಾಸ್ತಿ ಕೇಳತೀರಿ ಅಂತ ನನ್ನ ಅನುಮಾನ."

"ತಪ್ಪು. ಮೊದಲನೇ ಸಾಲು."