ಬೋರ್ಡಿನ ಫೋಟೋದಿಂದ ಸ್ಕೋರ್ ಬರೆದುಕೊಳ್ಳುವಾಗ: ಒಂದು ವಾಲಿಬಾಲ್ ಫೈನಲ್‌ನ ಅನುಭವ

ರಾಯಚೂರಿನಲ್ಲಿ ನನ್ನದು ಡಿಟಿಪಿ ಕೆಲಸ. ಫ್ಲೆಕ್ಸ್, ಕರಪತ್ರದ ಜೊತೆಗೆ ವಾಲಿಬಾಲ್ ಟೂರ್ನಿಗಳ ಪೋಸ್ಟರ್, ಫಲಿತಾಂಶಗಳನ್ನೂ ಕನ್ನಡದಲ್ಲಿ ಮಾಡಿಕೊಡುತ್ತೇನೆ. ಗಡಿ ಹತ್ತಿರ ಅಲ್ವಾ, ಗದ್ವಾಲ, ಆದೋನಿ ಕಡೆಯ ತೆಲುಗು ಪೋಸ್ಟರ್‌ಗಳು ಇಲ್ಲಿನ ಹುಡುಗರ ಮೊಬೈಲಿಗೆ ಬರುತ್ತವೆ. ಆಟ ಮುಗಿದ ಮೇಲೆ ಸ್ಕೋರ್ ಬೋರ್ಡಿನ ಫೋಟೋ ಬರುತ್ತದೆ. ಎರಡೂ ನನ್ನ ಹತ್ತಿರ ಬಂದು ಸೇರುತ್ತವೆ.

ಫೋಟೋ ಬಂದ ತಕ್ಷಣ ನಾನು ಅನುವಾದಕ್ಕೆ ಕೈ ಹಾಕುವುದಿಲ್ಲ. ಮೊದಲು ಅಂಕಿಗಳನ್ನಷ್ಟೇ ಹಾಳೆಯ ಮೇಲೆ ಇಳಿಸಿಕೊಳ್ಳುತ್ತೇನೆ. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ಫೋಟೋದಲ್ಲಿ ಇದ್ದ ಹಾಗೇ. ತಾರೀಖು, ಸಮಯ, ಪ್ರವೇಶ ಶುಲ್ಕ, ಬಹುಮಾನದ ಮೊತ್ತ, ಫೋನ್ ನಂಬರ್ ಎಲ್ಲವನ್ನೂ. ಆಮೇಲೆ ಮಾತುಗಳನ್ನು ಕನ್ನಡಕ್ಕೆ ತಂದು, ಅಂಕಿಗಳನ್ನು ಹಾಳೆಯಿಂದ ಒಂದೊಂದಾಗಿ ಕೂಡಿಸುತ್ತೇನೆ. ವಾಕ್ಯ ಬದಲಾಗುವಾಗ ಅಂಕಿಗಳು ಜಾಗ ಬದಲಿಸಿಕೊಳ್ಳುವುದು ಬಹಳ ಸುಲಭ. ಅದಕ್ಕೇ ಈ ಎರಡು ಕೆಲಸ ಬೇರೆ ಬೇರೆ.

ಪೋಸ್ಟರ್‌ನಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುವುದು ಎರಡು ಕಡೆ. ಒಂದು, ರಾತ್ರಿಯ ಪಂದ್ಯ. 14ನೇ ತಾರೀಖಿನ ಪಟ್ಟಿಯಲ್ಲಿ ಕೊನೆಯ ಪಂದ್ಯ ರಾತ್ರಿ 12:30ಕ್ಕೆ ಅಂತ ಇದ್ದರೆ, ಕ್ಯಾಲೆಂಡರ್ ಪ್ರಕಾರ ಅದು 15. ಆದರೂ ನಾನು 15 ಅಂತ ಹಾಕುವುದಿಲ್ಲ. ಹಾಗೆ ಹಾಕಿದರೆ ಹುಡುಗರು ಮಾರನೆಯ ರಾತ್ರಿ ಬಂದು ನಿಲ್ಲುತ್ತಾರೆ. ಪೋಸ್ಟರ್‌ನಲ್ಲಿ ಇದ್ದಂತೆ 14ರ ಕೆಳಗೇ ಇಟ್ಟು, ಪಕ್ಕದಲ್ಲಿ ‘14ರ ಮಧ್ಯರಾತ್ರಿ ಕಳೆದ ಮೇಲೆ’ ಎಂದು ಸೇರಿಸುತ್ತೇನೆ. ಎರಡನೆಯದು, ಆಟದ ನಿಯಮದ ಸಾಲು. ಸೆಟ್ ಎಷ್ಟು ಪಾಯಿಂಟಿನದು, ಮೂರರಲ್ಲಿ ಎರಡು ಗೆಲ್ಲಬೇಕೋ, ಐದರಲ್ಲಿ ಮೂರೋ. ಊರಿನ ಟೂರ್ನಿಗಳಲ್ಲಿ ಸಮಯ ಉಳಿಸಲು 15 ಅಥವಾ 21 ಪಾಯಿಂಟಿನ ಸೆಟ್ ಇಟ್ಟುಕೊಳ್ಳುವುದುಂಟು. ಆ ಸಾಲನ್ನು ನಾನು ಬೇರೆಯಾಗಿ ಬರೆದಿಟ್ಟುಕೊಳ್ಳುತ್ತೇನೆ, ಮುಂದೆ ಬೋರ್ಡ್ ಓದುವಾಗ ಅದೇ ನನ್ನ ಅಳತೆಗೋಲು.

ಈ ಸಲದ ಫೈನಲ್ ಐದು ಸೆಟ್‌ಗಳಲ್ಲಿ ಮೂರು ಗೆಲ್ಲಬೇಕಾದದ್ದು. 25 ಪಾಯಿಂಟಿನ ಸೆಟ್, ಐದನೆಯದಕ್ಕೆ ಹೋದರೆ ಅದು 15. ಮಾನ್ವಿ ಮತ್ತು ಸಿಂಧನೂರು ಕಡೆಯ ಎರಡು ತಂಡ. ಪ್ರತಿ ಸೆಟ್ ಮುಗಿದಾಗ ಒಬ್ಬ ಹುಡುಗ ಎಲ್‌ಇಡಿ ಬೋರ್ಡಿನ ಫೋಟೋ ತೆಗೆದಿದ್ದ. ಮೊದಲ ನೋಟಕ್ಕೆ ನನಗೆ ಕಂಡಿದ್ದು: 25-21, 25-23, 28-24, 25-13.

ಇಲ್ಲಿ ಮೊದಲು ಬಿಡಿಸಬೇಕಾದದ್ದು ಎಡ ಯಾರು, ಬಲ ಯಾರು ಅನ್ನುವುದು. ವಾಲಿಬಾಲ್‌ನಲ್ಲಿ ಸೆಟ್ ಮುಗಿದಾಗ ತಂಡಗಳು ಅಂಕಣದ ಬದಿ ಬದಲಿಸುತ್ತವೆ. ಕೆಲವು ಸ್ಕೋರರ್‌ಗಳು ಬೋರ್ಡಿನ ಹೆಸರನ್ನೂ ಜೊತೆಗೇ ಬದಲಿಸುತ್ತಾರೆ, ಕೆಲವರು ಕೊನೆಯವರೆಗೂ ಹಾಗೇ ಬಿಡುತ್ತಾರೆ. ಹೀಗಾಗಿ ‘ಎಡಗಡೆಯದು ಮಾನ್ವಿ’ ಅಂತ ಒಂದು ಸಲ ಗೊತ್ತುಮಾಡಿಕೊಂಡು ನಾಲ್ಕೂ ಫೋಟೋ ಓದುವ ಹಾಗಿಲ್ಲ. ಈ ಬೋರ್ಡಿನಲ್ಲಿ ಹೆಸರಿನ ಪಟ್ಟಿ ಬದಲಾಗುತ್ತಿತ್ತು. ಎರಡನೇ ಫೋಟೋದಲ್ಲಿ ಸಿಂಧನೂರು ಎಡಕ್ಕೆ ಬಂದಿತ್ತು. ಅಂದರೆ ಆ ಸೆಟ್ ಸಿಂಧನೂರು ಗೆದ್ದದ್ದು. ಮೂರನೆಯದರಲ್ಲಿ ಮತ್ತೆ ಮಾನ್ವಿ ಎಡಕ್ಕೆ. ನಾಲ್ಕನೆಯದರಲ್ಲಿ ಬದಲಾಗಲೇ ಇಲ್ಲ, ಸ್ಕೋರರ್ ಬಿಟ್ಟಿರಬೇಕು. ಗೆದ್ದವರ ಕಡೆಯಿಂದ ಬರೆದರೆ ಮಾನ್ವಿ 25-21, 23-25, ಹೀಗೆ. ಅಂಕಿಗಳು ಅವೇ, ಯಾರ ಹೆಸರಿನ ಕೆಳಗೆ ಕೂರುತ್ತವೆ ಅನ್ನುವುದಷ್ಟೇ ಪ್ರಶ್ನೆ. ಅದಕ್ಕೇ ನಾನು ಮೊದಲು ಪಟ್ಟಿ ಮಾಡಿ, ಆಮೇಲೆ ವಾಕ್ಯ ಬರೆಯುತ್ತೇನೆ.

ಮೂರನೇ ಸೆಟ್‌ನ 28-24 ಆಗುವ ಮಾತೇ ಅಲ್ಲ. 25 ಮುಟ್ಟಿದ ಮೇಲೆ ಎರಡು ಪಾಯಿಂಟಿನ ಅಂತರ ಬಂದ ಕೂಡಲೇ ಸೆಟ್ ಮುಗಿಯುತ್ತದೆ. ಎದುರಾಳಿ 24ರಲ್ಲಿ ನಿಂತಿದ್ದರೆ 26ಕ್ಕೇ ಆಟ ಮುಗಿದಿರಬೇಕು. ಫೋಟೋ ದೊಡ್ಡದು ಮಾಡಿ ನೋಡಿದೆ. ಎಲ್‌ಇಡಿ ಅಂಕಿ ಏಳು ಗೆರೆಗಳಿಂದ ಆಗಿರುತ್ತದೆ. ಏಳೂ ಉರಿದರೆ 8, ಮೇಲಿನ ಬಲಗೆರೆ ಆರಿದರೆ 6. ರಾತ್ರಿ ಫೋಟೋದಲ್ಲಿ ಬೆಳಕು ಹರಡಿಕೊಂಡು ಆ ಖಾಲಿ ಜಾಗವೂ ಕೆಂಪಾಗಿತ್ತು. ಆದರೆ ಅಲ್ಲಿ ಗೆರೆಯ ಅಂಚು ಇರಲಿಲ್ಲ, ಬರೀ ಮಬ್ಬು. ಉಳಿದ ಆರು ಗೆರೆಗಳಿಗೆ ಅಂಚು ಸರಿಯಾಗಿ ಕಾಣುತ್ತಿತ್ತು.

ಇಷ್ಟಾದರೂ ನಾನು 26 ಅಂತ ಬರೆದು ಮುಂದೆ ಹೋಗಲಿಲ್ಲ. ಲೆಕ್ಕ ನನಗೆ ತಪ್ಪು ಹಿಡಿಯಲು ಬೇಕು, ಸ್ಕೋರ್ ತಯಾರಿಸಲು ಅಲ್ಲ. ಬೋರ್ಡಿನವನೇ ತಪ್ಪು ಒತ್ತಿರಬಹುದು, 24 ಅನ್ನುವುದೇ ಬೇರೆ ಏನೋ ಇರಬಹುದು. ಹಾಳೆಯ ಮೇಲೆ ಗುಂಡು ಹಾಕಿ ಬಿಟ್ಟೆ.

ನಾಲ್ಕನೇ ಸೆಟ್‌ನ 13 ಇನ್ನೂ ಕಷ್ಟದ್ದು. ಅಲ್ಲಿ ನಿಯಮ ಏನೂ ಹೇಳುವುದಿಲ್ಲ. 25-13, 25-18, 25-19 ಮೂರೂ ಆಗುವಂಥವೇ. 3ಕ್ಕೆ ಎಡಗಡೆಯ ಎರಡೂ ಗೆರೆ ಆರಿರುತ್ತವೆ. ಮೇಲಿನ ಎಡಗೆರೆ ಉರಿದರೆ 9, ಎರಡೂ ಉರಿದರೆ 8. ಈ ಬೋರ್ಡುಗಳ ಗೆರೆಗಳು ಕಣ್ಣಿಗೆ ಸದಾ ಉರಿಯುವಂತೆ ಕಂಡರೂ ಬಹಳ ಬೇಗ ಆರಿ ಹತ್ತುತ್ತಿರುತ್ತವೆ. ಮೊಬೈಲ್ ಕ್ಯಾಮೆರಾ ಆರಿದ ಗಳಿಗೆಯನ್ನು ಹಿಡಿದರೆ ಅಂಕಿಯ ಒಂದು ತುಂಡು ಕಾಣೆಯಾಗುತ್ತದೆ. ಗೆರೆ ಪೂರ್ತಿ ಸತ್ತಿದ್ದರೂ ಫೋಟೋದಲ್ಲಿ ಹಾಗೇ ಕಾಣುತ್ತದೆ. ಯಾವುದು ಅಂತ ತಿಳಿಯಲು ವಿಡಿಯೋ ಬೇಕು.

ಆ ಹುಡುಗ ಕೊನೆಯ ಪಾಯಿಂಟಿನ ವಿಡಿಯೋ ಕಳಿಸಿದ. ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಮೇಲಿನ ಎಡಗೆರೆ ಕೆಲವು ಚಿತ್ರಗಳಲ್ಲಿ ಹತ್ತುತ್ತಿತ್ತು, ಕೆಲವದರಲ್ಲಿ ಇಲ್ಲ. ಕೆಳಗಿನ ಎಡಗೆರೆ ಒಮ್ಮೆಯೂ ಹತ್ತಲಿಲ್ಲ. ಅದು ಸತ್ತ ಗೆರೆಯಾ? ಅದೇ ಸೆಟ್‌ನ ನಡುವೆ ತೆಗೆದ ಇನ್ನೊಂದು ಫೋಟೋದಲ್ಲಿ ಅದೇ ಜಾಗದಲ್ಲಿ 6 ಇತ್ತು, ಕೆಳಗಿನ ಎಡಗೆರೆ ಚೆನ್ನಾಗಿ ಉರಿಯುತ್ತಿತ್ತು. ಹಾಗಾದರೆ ಗೆರೆ ಸರಿಯಿದೆ, ಈ ಅಂಕಿಗೆ ಅದು ಬೇಕಿಲ್ಲ. 9 ಇರಬೇಕು ಅನ್ನಿಸಿತು.

ಆಮೇಲೆ ಸ್ಕೋರರ್‌ಗೆ ಫೋನ್ ಮಾಡಿದೆ. ಇಲ್ಲಿ ಕೇಳುವ ರೀತಿ ಮುಖ್ಯ. ‘26-24 ಅಲ್ವಾ ಅಣ್ಣಾ?’ ಅಂದರೆ ಅವರು ಸುಮ್ನೆ ‘ಹೌದ್ರಿ’ ಅಂದುಬಿಡುತ್ತಾರೆ. ನಾನು ಕೇಳಿದ್ದು ಇಷ್ಟೇ: ‘ಅಣ್ಣಾ, ಸ್ಕೋರ್ ಶೀಟ್ ನೋಡಿ ಮೂರನೇದು, ನಾಲ್ಕನೇದು ಎಷ್ಟಕ್ಕೆ ಮುಗಿದವು ಹೇಳ್ರಿ.’ ಅವರು ಶೀಟ್ ತೆಗೆದು ‘ಇಪ್ಪತ್ತಾರು ಇಪ್ಪತ್ನಾಕು, ಇಪ್ಪತ್ತೈದು ಹತ್ತೊಂಬತ್ತು’ ಅಂದರು. ಶೀಟಿನ ಫೋಟೋ ಕೂಡ ತರಿಸಿಕೊಂಡೆ. ಆಮೇಲೇ ಗುಂಡು ಅಳಿಸಿದ್ದು.

ಬರೆದದ್ದು: ‘ಮಾನ್ವಿ ತಂಡ ಸಿಂಧನೂರು ತಂಡವನ್ನು 3-1 ಸೆಟ್‌ಗಳಿಂದ ಸೋಲಿಸಿತು (25-21, 23-25, 26-24, 25-19).’ ಸೆಟ್, ಸರ್ವಿಸ್, ಸ್ಮ್ಯಾಷ್, ಬ್ಲಾಕ್ ಇವುಗಳನ್ನು ನಾನು ಹಾಗೇ ಬಿಡುತ್ತೇನೆ, ಅಂಗಳದಲ್ಲಿ ಹುಡುಗರು ಕೂಗುವುದು ಅವನ್ನೇ. ಕೊನೆಗೆ ನನ್ನ ತಮ್ಮ ಫೋಟೋ ನೋಡಿ ‘ಎರಡು ಐದು, ಎರಡು ಒಂದು’ ಅಂತ ಅಂಕಿ ಬಿಡಿಬಿಡಿಯಾಗಿ ಓದಿದ, ನಾನು ಪ್ರೂಫ್ ಮೇಲೆ ಗೀಟು ಹಾಕುತ್ತಾ ಹೋದೆ. ಅನುಮಾನದ ಎರಡು ಅಂಕಿಗಳಿಗೆ ಮಾತ್ರ ಶೀಟಿನ ಫೋಟೋ ಹಿಡಿದು ಓದಿಸಿದೆ.

ಹಳೆಯ ಫೋಟೋ ಬಂದಾಗ ಒಂದು ಎಚ್ಚರ. ಅಂತಾರಾಷ್ಟ್ರೀಯ ವಾಲಿಬಾಲ್ ಫೆಡರೇಷನ್ ಪ್ರತಿ ಸರ್ವಿಸ್‌ಗೂ ಪಾಯಿಂಟ್ ಕೊಡುವ ಪದ್ಧತಿಯನ್ನು ಎಲ್ಲ ಸೆಟ್‌ಗಳಿಗೂ ಒಪ್ಪಿಕೊಂಡದ್ದು 1998ರಲ್ಲಿ. ಅದಕ್ಕೂ ಹಿಂದೆ ಸೆಟ್ 15 ಪಾಯಿಂಟಿನದೇ ಇತ್ತು, ಹಾಗಾಗಿ ಆಗಿನ ಬೋರ್ಡಿನಲ್ಲಿ 15-7 ಎಂದಿದ್ದರೆ ಅಲ್ಲಿ ಯಾವ ಅಂಕಿಯೂ ಕಾಣೆಯಾಗಿಲ್ಲ.

ವಿಡಿಯೋ ಇಲ್ಲ, ಶೀಟ್ ಇಲ್ಲ, ಸ್ಕೋರರ್ ಸಿಗಲಿಲ್ಲ ಅನ್ನುವುದೂ ಇದೆ. ಆಗ ನಾನು ‘25-1?’ ಅಂತಲೇ ಅಚ್ಚು ಹಾಕಿ, ಕೆಳಗೆ ‘ಫೋಟೋದಲ್ಲಿ ಕೊನೆಯ ಅಂಕಿ ಸ್ಪಷ್ಟವಿಲ್ಲ’ ಎಂದು ಬರೆಯುತ್ತೇನೆ. ಆಯೋಜಕರು ಬೇಡ ಅಂದರೆ ಆ ಸೆಟ್‌ನ ಅಂಕ ಬಿಟ್ಟು, 3-1 ಅನ್ನುವುದನ್ನಷ್ಟೇ ಕೊಡುತ್ತೇನೆ.