ಸುಣ್ಣದ ಕಲ್ಲು ಬೇಯಲು ಎಷ್ಟು ಬಿಸಿ ಬೇಕು? ಲೆಕ್ಕ ಹಾಕುವುದು ಹೀಗೆ

ಸುಣ್ಣದ ಕಲ್ಲನ್ನು ಗೂಡಿಗೆ ಹಾಕಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದೇ ಕಲ್ಲು ಕಲಬುರಗಿಯ ಬಿಸಿಲಲ್ಲಿ ಎಷ್ಟು ವರ್ಷ ಬಿದ್ದಿದ್ದರೂ ಕಲ್ಲೇ. ಹಾಗಾದರೆ ಎಷ್ಟು ಬಿಸಿ ಬೇಕು? ರಸಾಯನ ಪುಸ್ತಕದ ಕೊನೆಯಲ್ಲಿರುವ ಕೋಷ್ಟಕ ಮತ್ತು ಒಂದು ಕ್ಯಾಲ್ಕುಲೇಟರ್ ಇದ್ದರೆ ಗೂಡಿಗೆ ಬೆಂಕಿ ಹಚ್ಚದೆಯೇ ಅಂದಾಜು ಮಾಡಬಹುದು.

```
CaCO3 ⇌ CaO + CO2
```

ಸಮತೋಲನ ಸ್ಥಿರಾಂಕ, ಅಂದರೆ K, ಕಲಿಯಲು ಇದಕ್ಕಿಂತ ಸುಲಭದ ಉದಾಹರಣೆ ನನಗೆ ಗೊತ್ತಿಲ್ಲ. ಕಲ್ಲು ಮತ್ತು ಸುಣ್ಣ ಎರಡೂ ಘನವಸ್ತು, ಹಾಗಾಗಿ K ಲೆಕ್ಕದಲ್ಲಿ ಅವು ಬರುವುದಿಲ್ಲ. ಉಳಿಯುವುದು ಅನಿಲ ಒಂದೇ. ಇಲ್ಲಿ K ಅಂದರೆ ಸಮತೋಲನದಲ್ಲಿ ಕಲ್ಲಿನ ಮೇಲೆ ನಿಲ್ಲುವ ಕಾರ್ಬನ್ ಡೈಆಕ್ಸೈಡ್ ಒತ್ತಡ, ಬಾರ್ ಲೆಕ್ಕದಲ್ಲಿ. ಒಂದು ಹಿಡಿ ಕಲ್ಲಿರಲಿ, ಒಂದು ಲಾರಿ ಕಲ್ಲಿರಲಿ, ಒಂದೇ ಬಿಸಿಯಲ್ಲಿ ಈ ಒತ್ತಡ ಒಂದೇ.

ಮೊದಲು 25 ಡಿಗ್ರಿಯಲ್ಲಿ

ಕೋಷ್ಟಕದಿಂದ ಮೂರೂ ವಸ್ತುಗಳ ಪ್ರಮಾಣಿತ ಮುಕ್ತ ಶಕ್ತಿ ತೆಗೆದುಕೊಳ್ಳಿ. ಸುಟ್ಟ ಸುಣ್ಣಕ್ಕೆ −604.0, ಕಾರ್ಬನ್ ಡೈಆಕ್ಸೈಡ್‌ಗೆ −394.4, ಕಲ್ಲಿಗೆ −1128.8. ಎಲ್ಲವೂ ಒಂದು ಮೋಲ್‌ಗೆ ಕಿಲೋಜೌಲ್. ಬಲಗಡೆಯದನ್ನು ಕೂಡಿಸಿ ಎಡಗಡೆಯದನ್ನು ಕಳೆದರೆ ΔG° = +130.4 ಕಿಲೋಜೌಲ್. ಇದನ್ನು K ಆಗಿ ಬದಲಿಸುವ ಸೂತ್ರ ಇದು:

```
ln K = −ΔG° / (R T)
```

R ಅಂದರೆ 8.314 ಜೌಲ್, T ಅಂದರೆ 298.15 ಕೆಲ್ವಿನ್. ಎರಡನ್ನೂ ಗುಣಿಸಿದರೆ ಸುಮಾರು 2479 ಜೌಲ್. ΔG° ಕಿಲೋಜೌಲ್‌ನಲ್ಲಿದೆ, ಅದನ್ನು 1,30,400 ಜೌಲ್ ಮಾಡಿಕೊಂಡು ಭಾಗಿಸಿ. ln K = −52.6 ಬರುತ್ತದೆ. ಕ್ಯಾಲ್ಕುಲೇಟರ್‌ನಲ್ಲಿ eˣ ಗುಂಡಿ ಒತ್ತಿದರೆ K = 1.4 × 10⁻²³.

ಅಂದರೆ ಒತ್ತಡ ಇಲ್ಲವೇ ಇಲ್ಲ ಅನ್ನಬಹುದು. ನಮ್ಮ ಸುತ್ತಲಿನ ಗಾಳಿಯಲ್ಲೇ ಕಾರ್ಬನ್ ಡೈಆಕ್ಸೈಡ್ ಒತ್ತಡ ಸುಮಾರು 0.0004 ಬಾರ್ ಇದೆ. ಅದರ ಮುಂದೆ ಕಲ್ಲು ತನ್ನ ಅನಿಲವನ್ನು ಬಿಡುವ ಮಾತೇ ಇಲ್ಲ. ಬದಲಿಗೆ ಸುಣ್ಣವೇ ಗಾಳಿಯಿಂದ ಅನಿಲ ಹೀರಿಕೊಂಡು ಮತ್ತೆ ಕಲ್ಲಾಗಲು ನೋಡುತ್ತದೆ. ಗೋಡೆಗೆ ಬಳಿದ ಸುಣ್ಣ ನಿಧಾನವಾಗಿ ಗಟ್ಟಿಯಾಗುವುದು ಇದರಿಂದಲೇ.

ಜೌಲ್ ಮಾಡಿಕೊಳ್ಳುವುದನ್ನು ಮರೆತರೆ ಏನಾಗುತ್ತದೆ ನೋಡಿ. 130.4 ಅನ್ನು 2479ರಿಂದ ಭಾಗಿಸಿದರೆ 0.053, ಆಗ K = 0.95. ಮೇಜಿನ ಮೇಲಿಟ್ಟ ಸುಣ್ಣದ ಕಲ್ಲು ಹೆಚ್ಚುಕಡಿಮೆ ಇಡೀ ವಾತಾವರಣದಷ್ಟು ಒತ್ತಡದಲ್ಲಿ ಅನಿಲ ಉಗುಳುತ್ತದೆ ಅಂತ ಅರ್ಥ! ΔG° ಇಷ್ಟು ದೊಡ್ಡದಿದ್ದೂ K ಒಂದರ ಹತ್ತಿರ ಬಂತು ಅಂದರೆ ಜೌಲ್–ಕಿಲೋಜೌಲ್ ಗೊಂದಲವೇ ಆಗಿರುತ್ತದೆ. ಇನ್ನು ಕೆಲ್ವಿನ್ ಬದಲು ಸುಮ್ನೆ 25 ಅಂತ ಹಾಕಿದರೆ ಸಾಮಾನ್ಯ ಕ್ಯಾಲ್ಕುಲೇಟರ್ ಸೊನ್ನೆ ತೋರಿಸಿ ಕೈತೊಳೆದುಕೊಳ್ಳುತ್ತದೆ.

ಈಗ ಬಿಸಿ ಏರಿಸೋಣ

1000 ಕೆಲ್ವಿನ್‌ಗೆ, ಅಂದರೆ 727 ಡಿಗ್ರಿ ಸೆಲ್ಸಿಯಸ್‌ಗೆ ಹೋಗೋಣ. ತುಂಬಾ ಜನ ಎಡವುವುದು ಇಲ್ಲೇ. ಅದೇ 130.4 ಅನ್ನು ಇಟ್ಟುಕೊಂಡು T ಜಾಗದಲ್ಲಿ ಮಾತ್ರ 1000 ಹಾಕಿಬಿಡುತ್ತಾರೆ. ಆಗ K = 1.5 × 10⁻⁷ ಬರುತ್ತದೆ. ಇದು ತಪ್ಪು. ಆ 130.4 ಇರುವುದು 25 ಡಿಗ್ರಿಗೆ ಮಾತ್ರ, ಬಿಸಿ ಬದಲಾದರೆ ΔG° ಕೂಡ ಬದಲಾಗುತ್ತದೆ.

ಹಾಗಾಗಿ ಅದನ್ನು ಬಿಡಿಸಿಕೊಳ್ಳಬೇಕು. ಅದೇ ಕೋಷ್ಟಕದಲ್ಲಿ ಎಂಥಾಲ್ಪಿ ಮತ್ತು ಎಂಟ್ರೊಪಿ ಅಂಕಣಗಳೂ ಇರುತ್ತವೆ. ಮೊದಲಿನ ಹಾಗೆಯೇ ಕೂಡಿ ಕಳೆದರೆ ΔH° = 178.3 ಕಿಲೋಜೌಲ್, ΔS° = 160.6 ಜೌಲ್ ಪ್ರತಿ ಕೆಲ್ವಿನ್‌ಗೆ. ಇವೆರಡೂ ಬಿಸಿಯ ಜೊತೆ ಹೆಚ್ಚು ಬದಲಾಗುವುದಿಲ್ಲ ಅಂದುಕೊಂಡರೆ:

```
ΔG° = ΔH° − T ΔS°
```

1000 ಕೆಲ್ವಿನ್‌ನಲ್ಲಿ 178.3ರಿಂದ 160.6 ಕಳೆದರೆ ಉಳಿಯುವುದು 17.7 ಕಿಲೋಜೌಲ್. ಅದನ್ನು 8.314 × 1000ರಿಂದ ಭಾಗಿಸಿದರೆ ln K = −2.13, K = 0.12. ತಪ್ಪು ದಾರಿಯಲ್ಲಿ ಬಂದ ಉತ್ತರಕ್ಕಿಂತ ಇದು ಸುಮಾರು ಎಂಟು ಲಕ್ಷ ಪಟ್ಟು ಜಾಸ್ತಿ!

ವ್ಯಾಂಟ್ ಹಾಫ್ ಸಮೀಕರಣ ಅಂತ ಪುಸ್ತಕದಲ್ಲಿ ಇರುವುದೂ ಇದೇ ಲೆಕ್ಕ, ಬೇರೆ ವೇಷದಲ್ಲಿ:

```
ln(K2/K1) = −(ΔH°/R) (1/T2 − 1/T1)
```

ಇದರಲ್ಲಿ ಎಂಟ್ರೊಪಿ ಬೇಕಿಲ್ಲ, ಒಂದು ಬಿಸಿಯ K ಗೊತ್ತಿದ್ದರೆ ಸಾಕು. 25 ಡಿಗ್ರಿಯ K ಹಾಕಿ ನೋಡಿ, ಮತ್ತೆ 0.12 ಬರುತ್ತದೆ. K ಯಾವ ಕಡೆ ಸರಿಯುತ್ತದೆ ಎನ್ನುವುದನ್ನು ΔH° ಚಿಹ್ನೆಯೇ ಹೇಳುತ್ತದೆ. ನಮ್ಮ ಕಲ್ಲು ಶಾಖ ಹೀರುತ್ತದೆ, ΔH° ಧನಾತ್ಮಕ, ಆದ್ದರಿಂದ ಬಿಸಿ ಏರಿದಂತೆ K ಏರುತ್ತದೆ. ಶಾಖ ಬಿಡುವ ಕ್ರಿಯೆಯಾದರೆ ಇದರ ಉಲ್ಟಾ.

ಗೂಡಿನ ಬಿಸಿ

ಕಲ್ಲಿನ ಮೇಲಿನ ಒತ್ತಡ 1 ಬಾರ್ ಮುಟ್ಟುವುದು ಯಾವಾಗ? K = 1 ಆದಾಗ, ಅಂದರೆ ΔG° ಸೊನ್ನೆಯಾದಾಗ. 1,78,300 ಅನ್ನು 160.6ರಿಂದ ಭಾಗಿಸಿದರೆ 1110 ಕೆಲ್ವಿನ್, ಅಂದರೆ 837 ಡಿಗ್ರಿ ಸೆಲ್ಸಿಯಸ್.

ಅಳತೆ ಮಾಡಿ ನೋಡಿದವರಿಗೆ ಸಿಗುವುದು ಸುಮಾರು 900. ಅರವತ್ತು ಡಿಗ್ರಿ ಎಲ್ಲಿಗೆ ಹೋಯಿತು? ಕ್ಯಾಲ್ಕುಲೇಟರ್ ತಪ್ಪಲ್ಲ, ನಮ್ಮ ಊಹೆ ತುಸು ಸಡಿಲ. ಸುಣ್ಣ ಮತ್ತು ಅನಿಲ ಎರಡೂ ಸೇರಿ ಹೀರುವ ಶಾಖಕ್ಕಿಂತ ಕಲ್ಲು ಒಂದೇ ಹೀರುವ ಶಾಖ ಹೆಚ್ಚು, ಬಿಸಿ ಏರಿದಂತೆ ಈ ಅಂತರವೂ ಹೆಚ್ಚುತ್ತದೆ. ಇದರಿಂದ ΔH° ಮತ್ತು ΔS° ಎರಡೂ ಇಳಿಯುತ್ತವೆ. ΔS° ಇಳಿದದ್ದರ ಪೆಟ್ಟು ಜಾಸ್ತಿ ಬೀಳುವುದರಿಂದ ನಿಜವಾದ ಬಿಸಿ ಲೆಕ್ಕಕ್ಕಿಂತ ಮೇಲೆ ಹೋಗುತ್ತದೆ. ನೂರಿನ್ನೂರು ಡಿಗ್ರಿ ಅಂತರಕ್ಕೆ ಈ ಊಹೆ ಚೆನ್ನಾಗಿ ನಡೆಯುತ್ತದೆ. ನಾವು ಎಂಟುನೂರು ಡಿಗ್ರಿ ಜಿಗಿದಿದ್ದೇವೆ. ಅಷ್ಟಾದರೂ ಇಷ್ಟು ಹತ್ತಿರ ಬಂದಿದ್ದೇ ದೊಡ್ಡದು, ಅಲ್ವಾ?

900 ಆಗುವವರೆಗೂ ಕಲ್ಲು ಬೇಯುವುದೇ ಇಲ್ಲ ಎಂದೇನೂ ಅಲ್ಲ. ಸುತ್ತಲಿರುವ ಕಾರ್ಬನ್ ಡೈಆಕ್ಸೈಡ್ ಒತ್ತಡಕ್ಕಿಂತ K ಮೇಲಿದ್ದರೆ ಸಾಕು. ಗೂಡಿನೊಳಗಿನ ಹೊಗೆಯಲ್ಲಿ ಅದರ ಪಾಲು ಕಾಲು ಭಾಗ ಅಂದುಕೊಳ್ಳಿ. K = 0.25 ಆಗುವ ಬಿಸಿ, ಅಳತೆಯ ಪ್ರಕಾರ, ಸುಮಾರು 810 ಡಿಗ್ರಿ. ಗಾಳಿ ಚೆನ್ನಾಗಿ ಆಡುವ ಗೂಡಿನಲ್ಲಿ ಕಲ್ಲು ಬೇಗ ಬೇಯಲು ಇದೂ ಒಂದು ಕಾರಣ. ಪೂರ್ತಿ ಮುಚ್ಚಿಬಿಟ್ಟರೆ ಕಥೆಯೇ ಬೇರೆ. 19ನೇ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಹಾಲ್ ಸುಣ್ಣದ ಕಲ್ಲಿನ ಪುಡಿಯನ್ನು ಬಂದೂಕಿನ ನಳಿಗೆಯೊಳಗೆ ಬಿಗಿಯಾಗಿ ಮುಚ್ಚಿ ಕಾಯಿಸಿದರು. ಅನಿಲಕ್ಕೆ ಹೊರಗೆ ಹೋಗಲು ದಾರಿ ಇರಲಿಲ್ಲ. ಪುಡಿ ಸುಣ್ಣವಾಗಲಿಲ್ಲ, ಅಮೃತಶಿಲೆಯಂಥ ಗಟ್ಟಿ ಕಲ್ಲಾಯಿತು.

K ಹೇಳದ ವಿಷಯ ಒಂದಿದೆ: ಎಷ್ಟು ಹೊತ್ತು ಬೇಕು ಎನ್ನುವುದು. ದಪ್ಪ ಕಲ್ಲಿನ ಹೊರಮೈ ಬೆಂದರೂ ಒಳಗೆ ಶಾಖ ತಲುಪುವುದು ನಿಧಾನ. ಬೇಗ ಆಗಲಿ ಅಂತ ಬೆಂಕಿಯನ್ನು ವಿಪರೀತ ಏರಿಸಿದರೆ ಸುಣ್ಣದ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಆ ಸುಣ್ಣ ನೀರಿನಲ್ಲಿ ಸುಲಭಕ್ಕೆ ಅರಳುವುದಿಲ್ಲ. ಬೆಂದಿದೆಯೋ ಇಲ್ಲವೋ ನೋಡಲು ತಕ್ಕಡಿ ಸಾಕು. ಶುದ್ಧವಾದ ಒಣ ಕಲ್ಲು 100 ಕಿಲೋ ಹಾಕಿದ್ದರೆ ಪೂರ್ತಿ ಬೆಂದ ಮೇಲೆ 56 ಕಿಲೋ ಉಳಿಯಬೇಕು. 65 ತೂಗಿದರೆ ಕಲ್ಲಿನ ಐದನೇ ಒಂದು ಭಾಗ ಇನ್ನೂ ಹಸಿಯಾಗಿದೆ.